ಅಪ್ಪನ ಬಾಯಿಂದ ಒಂದು ಮಾತು ಕೇಳಬೇಕು ಅನ್ನಿಸಿದಾಗ

ಪ್ರಶ್ನೆ: ಅಪ್ಪನಿಗೆ ಎಪ್ಪತ್ತು ದಾಟಿತು. ಕುಂದಾಪುರದಿಂದ ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು ಹೋಟೆಲಲ್ಲಿ ದುಡಿದವರು. ನನ್ನ ಇಂಜಿನಿಯರಿಂಗ್ ಫೀಸಿಗೆ ಅಮ್ಮನ ಬಳೆ ಅಡವಿಟ್ಟರು. ಆದರೆ 'ನೀನಂದ್ರೆ ನಂಗೆ ಪ್ರೀತಿ' ಅಂತ ಒಂದು ದಿನವೂ ಹೇಳಿಲ್ಲ. ನೇರವಾಗಿ ಕೇಳಲಾ, ಸುಮ್ಮನಿದ್ದುಬಿಡಲಾ?

ಉತ್ತರ:

ಎರಡೂ ಬೇಡ. ಇಂಥದೇ ಅಪ್ಪನ ಮಗ ನಾನು. ನಮ್ಮ ಮನೆಯಲ್ಲಿ ಕೆಲಸ ಕೆಡಿಸಿದ್ದು ಒಂದೇ ಸಂಗತಿ: ವಿಷಯವನ್ನು ಅಮ್ಮನ ಮೂಲಕ ಅಪ್ಪನಿಗೆ ಮುಟ್ಟಿಸಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡುವ ಸಾಧ್ಯತೆ ಹೆಚ್ಚು.

ನಮ್ಮ ಕಡೆಯ ಮನೆಗಳಲ್ಲಿ ಅಪ್ಪ ಮಕ್ಕಳ ನಡುವಿನ ಮಾತೆಲ್ಲ ಅಮ್ಮನ ಕೈ ದಾಟಿಯೇ ಹೋಗುತ್ತದೆ. ಫೀಸು ಬೇಕು, ಟ್ರಿಪ್ಪಿಗೆ ಹೋಗಬೇಕು, ಎಲ್ಲಕ್ಕೂ ಅಮ್ಮ. ಅಲ್ಲಿಂದ ಬರುವುದೂ ಹಾಗೆಯೇ: 'ನಿನ್ನ ಬಗ್ಗೆ ಅಪ್ಪನಿಗೆ ಎಷ್ಟು ಹೆಮ್ಮೆ ಗೊತ್ತಾ?' ಹೀಗಿರುವಾಗ 'ಅಪ್ಪ ಒಂದು ಒಳ್ಳೆ ಮಾತೂ ಆಡಲ್ಲ' ಎಂದು ಅಮ್ಮನ ಹತ್ತಿರ ಹೇಳಿದರೆ, ಅದು ಅಪ್ಪನ ಕಿವಿಗೆ ಆಸೆಯಾಗಿ ಬೀಳುವುದಿಲ್ಲ, ದೂರಾಗಿ ಬೀಳುತ್ತದೆ. 'ಮಗನಿಗೆ ಬೇಜಾರಂತೆ, ನೀವು ಏನಾದರೂ ಮಾತಾಡಿ' ಅಂತ ಅಮ್ಮ ಅಂದಳು ಎನ್ನಿ. ಅಪ್ಪನಿಗೆ ಅರ್ಥವಾಗುವುದು 'ನಾನು ಮಾಡಿದ್ದು ಸಾಲಲಿಲ್ಲ' ಎಂದು. ಆಮೇಲೆ ಅವರು ಒಂದು ಮಾತು ಆಡಿದರೂ ಹೇಳಿಸಿಕೊಂಡು ಆಡಿದಂತಿರುತ್ತದೆ, ನಿಮಗೂ ಅದು ರುಚಿಸುವುದಿಲ್ಲ. ಅಮ್ಮ ನಡುವೆ ಇರುವವರೆಗೆ ಅಪ್ಪ ತನ್ನದೇ ಮಾತು ಹುಡುಕಿಕೊಳ್ಳಬೇಕಾದ ಸಂದರ್ಭವೇ ಬರುವುದಿಲ್ಲ.

'ಅವರ ಪ್ರೀತಿಯೆಲ್ಲ ಕೆಲಸದಲ್ಲಿದೆ, ಅರ್ಥ ಮಾಡ್ಕೋ' ಎಂದು ಬುದ್ಧಿ ಹೇಳುವವರು ಸಿಗುತ್ತಾರೆ. ನಾನದನ್ನು ಒಪ್ಪುವುದಿಲ್ಲ. ಕೇಳಬೇಕು ಅನ್ನಿಸುವುದು ನ್ಯಾಯವೇ. ಆದರೆ ನೀವು ಬಯಸಿದ ಆ ವಾಕ್ಯವನ್ನೇ ಅವರಿಂದ ನಿರೀಕ್ಷಿಸಬೇಡಿ. ಮಕ್ಕಳನ್ನು ಎದುರಿಗೆ ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ನಂಬಿದ ಮನೆಯಲ್ಲಿ ಬೆಳೆದವರು ಅವರು. ಊರಿಗೆ ಫೋನ್ ಮಾಡಿ ನಿಮ್ಮ ಕೆಲಸದ ಬಗ್ಗೆ ಚಿಕ್ಕಪ್ಪನ ಹತ್ತಿರ ಹೇಳಿಕೊಂಡಿರುತ್ತಾರೆ, ನಿಮ್ಮ ಮುಂದೆ ಅಲ್ಲ.

ನೀವು ಮಾಡಬೇಕಾದ್ದು ಇಷ್ಟು. ಅಮ್ಮ ಇಲ್ಲದ ಹೊತ್ತು ನೋಡಿ. ಎದುರುಬದುರು ಕೂರಬೇಡಿ. ಇಬ್ಬರೂ ಬೀನ್ಸ್ ಬಿಡಿಸುತ್ತಲೋ ಮಾರ್ಕೆಟ್ಟಿಗೆ ನಡೆಯುತ್ತಲೋ ಇರಿ, ಕಣ್ಣಿಗೆ ಕಣ್ಣು ಸೇರಿಸುವ ಕಷ್ಟ ಇರಬಾರದು. ಮೊದಲು ಉತ್ತರ ಹೇಳಲು ಬರುವಂಥ ಪ್ರಶ್ನೆ ಕೇಳಿ: ಮುಂಬೈಗೆ ಬಂದ ಹೊಸದರಲ್ಲಿ ಎಲ್ಲಿ ಮಲಗುತ್ತಿದ್ದಿರಿ, ಮೊದಲ ಸಂಬಳ ಎಷ್ಟು, ರಾತ್ರಿ ಶಾಲೆಗೆ ಹೋಗಿದ್ದಿರಾ? 'ಆಗ ಏನನ್ನಿಸಿತು' ಎಂದು ಕೇಳಬೇಡಿ, ಅಲ್ಲಿಗೇ ಬಾಯಿ ಕಟ್ಟುತ್ತದೆ. ಮಾತು ಹರಿಯಲು ಶುರುವಾದ ಮೇಲೆ ನಿಮ್ಮದನ್ನು ಹೇಳಿ: 'ಅಪ್ಪ, ಫೀಸಿಗೆ ಬಳೆ ಅಡವಿಟ್ಟಿದ್ದು ನಂಗೆ ಮರೆತಿಲ್ಲ. ಆ ಕಾಲೇಜಿಂದಲೇ ನಂಗೆ ಈ ಕೆಲಸ ಸಿಕ್ಕಿದ್ದು.' ಅಲ್ಲಿಗೆ ನಿಲ್ಲಿಸಿ. 'ನಿಮಗೂ ನನ್ನ ಮೇಲೆ ಪ್ರೀತಿ ಇದೆ ಅಲ್ವಾ?' ಎಂದು ಬಾಲ ಸೇರಿಸಿದರೆ ಹೇಳಿದ್ದೆಲ್ಲ ಲೆಕ್ಕ ಕೇಳಿದಂತಾಗುತ್ತದೆ.

ಅವರು ಬಹುಶಃ 'ಆ ಬಳೆ ಬಿಡಿಸ್ಕೊಂಡಾಯ್ತಲ್ಲ' ಅನ್ನುತ್ತಾರೆ, ಇಲ್ಲವೇ ನೀರು ಬಂತಾ ನೋಡು ಎಂದು ಮಾತು ತಿರುಗಿಸುತ್ತಾರೆ. ಅದು ನಿರಾಕರಣೆಯಲ್ಲ. ಎದ್ದುಹೋದರೆ, ದನಿ ಗಡುಸಾದರೆ ಮಾತ್ರ ಆ ದಿನಕ್ಕೆ ಬಿಟ್ಟುಬಿಡಿ. ಕೂತಲ್ಲೇ ಇದ್ದು ಹಳೆಯ ವಿಷಯ ಮುಂದುವರಿಸಿದರೆ ಅವರಿಗೆ ತಲುಪಿದೆ ಎಂದರ್ಥ. ಸ್ವಲ್ಪ ದಿನ ಬಿಟ್ಟು ಅವರು ತೀರ್ಪು ಕೊಡಬಹುದಾದ ಪ್ರಶ್ನೆ ಕೇಳಿ: 'ಮನೆ ಲೋನ್ ಬೇಗ ತೀರಿಸಿದ್ದು ಸರಿ ಮಾಡಿದೆನಾ?' ಈ ತಲೆಮಾರಿನ ಅಪ್ಪಂದಿರು ಪ್ರೀತಿಯ ಮಾತಾಡಲು ಅಳುಕುತ್ತಾರೆ, ಕೆಲಸದ ಬಗ್ಗೆ ಅಭಿಪ್ರಾಯ ಹೇಳಲು ಅಷ್ಟು ಅಳುಕುವುದಿಲ್ಲ. 'ಚೆನ್ನಾಗಿ ಮಾಡಿದೆ' ಎಂಬುದು ಬಂದರೆ ಇಲ್ಲಿಂದಲೇ ಬರುವುದು.

ಒಂದು ವಿಷಯ ಮೊದಲೇ ನೋಡಿಕೊಳ್ಳಿ: ಕಿವಿ. ಈ ವಯಸ್ಸಲ್ಲಿ, ಅದರಲ್ಲೂ ಹೋಟೆಲ್ ಅಡುಗೆಮನೆಯ ಗದ್ದಲದಲ್ಲಿ ದುಡಿದವರಿಗೆ, ಕೇಳಿಸುವುದು ಕಡಿಮೆಯಾಗಿರುವ ಸಂಭವ ಇದೆ. ಎಷ್ಟೋ ಅಪ್ಪಂದಿರು ಅದನ್ನು ಹೇಳಿಕೊಳ್ಳದೆ 'ಹೂಂ' ಅಂದು ಮುಗಿಸುತ್ತಾರೆ, ನಾವು ಬಿಗುಮಾನ ಅಂದುಕೊಳ್ಳುತ್ತೇವೆ. ಟಿವಿ ದೊಡ್ಡದಾಗಿ ಇಡುತ್ತಾರಾ, ಫೋನನ್ನು ಒಂದೇ ಕಿವಿಗೆ ಹಿಡಿಯುತ್ತಾರಾ ಗಮನಿಸಿ. ಹೌದಾದರೆ ಕಿವಿಯ ಡಾಕ್ಟರಿಗೆ ತೋರಿಸಿ. ಮಾತಾಡುವಾಗ ಟಿವಿ, ಫ್ಯಾನ್ ಆಫ್ ಮಾಡಿ, ಚೆನ್ನಾಗಿ ಕೇಳಿಸುವ ಬದಿಗೆ ಕೂತುಕೊಳ್ಳಿ. ಕಿವಿ ಸರಿಯಿದ್ದರೆ ಊರಿಗೆ ಹೋಗುವಾಗ ವಿಮಾನ ಬಿಟ್ಟು ಮತ್ಸ್ಯಗಂಧದಲ್ಲಿ ಹೋಗಿ. ರೈಲು ಹೊರಡುವುದು ಮಧ್ಯಾಹ್ನ, ಸಂಜೆಯಿಡೀ ಇಬ್ಬರೇ ಕಿಟಕಿ ಪಕ್ಕ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗುವ ಮೊದಲು ಊರಿಗೆ ಹೇಗೆ ಹೋಗುತ್ತಿದ್ದಿರಿ ಎಂದು ಕೇಳಿದರೆ ಸಾಕು, ಅವರೇ ಶುರು ಮಾಡುತ್ತಾರೆ.