ಎಸ್‌ಎ ನೋಡ್‌ಗೆ ಸಿಗ್ನಲ್ ಕೊಡೋದು ಯಾರು?

“ಕಸಿ ಮಾಡಿದ ಹೃದಯಕ್ಕೆ ನರಗಳ ಸಂಪರ್ಕವೇ ಇರಲ್ಲ. ಮತ್ತೆ ಎಸ್‌ಎ ನೋಡ್‌ಗೆ ಬಡಿ ಅಂತ ಹೇಳೋದು ಯಾರು?”

ಯಾರೂ ಹೇಳಬೇಕಿಲ್ಲ. ಎಸ್‌ಎ ನೋಡ್ ಅಂದ್ರೆ ಹೃದಯದಲ್ಲೇ ಇರುವ, ಬಡಿತ ಶುರುಮಾಡುವ ಪುಟ್ಟ ಕೋಶಗುಂಪು. ಬೇರೆ ಸ್ನಾಯುಕೋಶಗಳು ಸಿಗ್ನಲ್ ಬರುವವರೆಗೆ ಸುಮ್ನೆ ಇರುತ್ತವೆ. ಎಸ್‌ಎ ನೋಡ್‌ನ ಕೋಶಕ್ಕೆ ಹಾಗೆ ಇರಲು ಆಗುವುದೇ ಇಲ್ಲ.

ಒಂದು ಬಡಿತ ಮುಗಿದಾಗ ಅದರ ವೋಲ್ಟೇಜ್ ಸುಮಾರು -60 ಮಿಲಿವೋಲ್ಟ್‌ಗೆ ಇಳಿಯುತ್ತದೆ. ಆ ಇಳಿತಕ್ಕೇ ತೆರೆದುಕೊಳ್ಳುವ ಸಣ್ಣ ದ್ವಾರಗಳು ಕೋಶದ ಪೊರೆಯಲ್ಲಿವೆ, ಹೆಸರು ‘ಫನ್ನಿ’ ಚಾನೆಲ್. ಅವುಗಳಿಂದ ಸೋಡಿಯಂ ಮೆಲ್ಲಗೆ ಒಳಗೆ ಸೋರುತ್ತದೆ, ಆಮೇಲೆ ಸ್ವಲ್ಪ ಕ್ಯಾಲ್ಸಿಯಂ ಕೂಡ. ವೋಲ್ಟೇಜ್ -40ರ ಹತ್ತಿರ ಬಂತೋ, ಕ್ಯಾಲ್ಸಿಯಂ ಒಮ್ಮೆಲೇ ನುಗ್ಗುತ್ತದೆ. ಅದೇ ಬಡಿತದ ಕಿಡಿ. ನಂತರ ಪೊಟ್ಯಾಸಿಯಂ ಹೊರಹೋಗಿ ವೋಲ್ಟೇಜ್ ಮತ್ತೆ ಇಳಿಯುತ್ತದೆ, ಸೋರಿಕೆ ಮತ್ತೆ ಶುರು.

ನರಗಳು ಈ ಸೋರಿಕೆಯ ವೇಗವನ್ನಷ್ಟೇ ಬದಲಿಸುತ್ತವೆ. ವಿಶ್ರಾಂತಿಯಲ್ಲಿ ವೇಗಸ್ ನರ ಬ್ರೇಕ್ ಹಾಕಿರುತ್ತದೆ. ಕಸಿ ಹೃದಯದಲ್ಲಿ ಆ ಬ್ರೇಕ್ ಇಲ್ಲ. ಹಾಗಾಗಿಯೇ ಅದು ಕೂತಿದ್ದಾಗಲೂ ನಿಮಿಷಕ್ಕೆ ಸುಮಾರು 90ರಿಂದ 110 ಸಲ ಬಡಿಯುತ್ತದೆ.

ಕಿಡಿ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳಲ್ಲಿ ಹರಡಿ, ಕೆಳಗಿನ ಕೋಣೆಗಳಿಗೆ ದಾರಿಯಾದ ಎವಿ ನೋಡ್ ತಲುಪುತ್ತದೆ. ಅಲ್ಲಿ ಸುಮಾರು 0.1 ಸೆಕೆಂಡ್ ತಡ. ಆ ಕೆಳಗಿನ ಕೋಣೆಗಳು, ಅಂದ್ರೆ ಹೃತ್ಕುಕ್ಷಿಗಳು, ರಕ್ತ ತುಂಬಿಕೊಳ್ಳಲು ಅಷ್ಟು ಸಮಯ ಬೇಕು, ಅಲ್ವಾ? ಆಮೇಲೆ ಕಿಡಿಯನ್ನು ಹೃತ್ಕುಕ್ಷಿಗಳಿಗೆ ಒಯ್ಯುವ ಎಳೆಗಳು: ಹಿಸ್ ಕಟ್ಟು, ಅದರ ಎಡ-ಬಲ ಕವಲುಗಳು, ಪುರ್ಕಿಂಜೆ ಎಳೆಗಳು. ಇಲ್ಲಿ ಓಟ ಬಹಳ ಜೋರು.

ಎವಿ ನೋಡ್ ಪೂರ್ತಿ ಕಟ್ಟಿಕೊಂಡರೆ ಇಸಿಜಿಯಲ್ಲಿ ಗೊತ್ತಾಗುತ್ತದೆ. ಹೃತ್ಕರ್ಣಗಳ ಗುರುತಾದ ಪಿ ಅಲೆಗಳು ನಿಮಿಷಕ್ಕೆ 75 ಇದ್ದರೆ, ಹೃತ್ಕುಕ್ಷಿಗಳ ಗುರುತಾದ ಕ್ಯೂಆರ್‌ಎಸ್ ಬರೀ 35 ಇರಬಹುದು. ಎರಡೂ ತಮ್ಮ ಪಾಡಿಗೆ ನಡೆಯುತ್ತಿರುತ್ತವೆ. ಆ 35 ಬರುವುದು ಕೆಳಗಿನ ಕೋಶಗಳದೇ ನಿಧಾನ ಸೋರಿಕೆಯಿಂದ.