ಹದಿನಾರಕ್ಕೆ ಹದಿನಾರು

ಸಂಪಾದಕರಿಗೆ ನಮಸ್ಕಾರ. ನನ್ನ ಮಗಳು ಹತ್ತನೇ ತರಗತಿ. ಅವರ ಗಣಿತದ ಸರ್ ಕಿರುಪರೀಕ್ಷೆ ಮುಗಿದ ಕೂಡಲೇ ಮಕ್ಕಳಿಂದಲೇ ಅಂಕ ಹಾಕಿಸಿ, ಆಮೇಲೆ ತಾವು ತಿದ್ದುತ್ತಾರೆ. 20ಕ್ಕೆ ಮಗಳು 16 ಹಾಕಿಕೊಂಡಿದ್ದಳು, ಸರ್ ಕೊಟ್ಟದ್ದೂ 16. ಶಹಬ್ಬಾಸ್ ಅಂದರಂತೆ. ಪಕ್ಕದ ಮನೆಯ ಹುಡುಗ 18 ಹಾಕಿಕೊಂಡಿದ್ದ, ಬಂದದ್ದು 9. ಅವನನ್ನು ಸುಳ್ಳ ಅಂತ ಎದ್ದು ನಿಲ್ಲಿಸಿದರಂತೆ. ಮಕ್ಕಳ ಕೈಗೆ ಕೆಂಪು ಪೆನ್ನು ಕೊಡುವುದೆಂದರೆ ಸುಳ್ಳು ಕಲಿಸಿದಂತೆ ಅಲ್ಲವೆ? ಇಬ್ಬರ ಹಾಳೆಯ ನಕಲನ್ನೂ ಜೊತೆಗಿಟ್ಟಿದ್ದೇನೆ.
— ಒಬ್ಬ ಪಾಲಕರು, ಶಹಾಪುರ, ಯಾದಗಿರಿ ಜಿಲ್ಲೆ

ನಮಸ್ಕಾರ. ಹಾಳೆಗಳನ್ನು ಕಳಿಸಿ ಬಹಳ ಒಳ್ಳೆಯದು ಮಾಡಿದಿರಿ. ಬರೀ 16, 18, 9 ಎಂಬ ಮೊತ್ತಗಳಷ್ಟೇ ಇದ್ದಿದ್ದರೆ ಈ ಉತ್ತರ ಬರೆಯಲು ಆಗುತ್ತಿರಲಿಲ್ಲ. ನಿಮ್ಮ ಆತಂಕದಲ್ಲಿ ಹುರುಳಿದೆ: ಮಕ್ಕಳು ಹಾಕಿಕೊಂಡ ಅಂಕವೇ ದಾಖಲೆಗೆ ಹೋಗುವಂತಿದ್ದರೆ ಅವರು ಖಂಡಿತ ಏರಿಸಿ ಹಾಕಿಕೊಳ್ಳುತ್ತಾರೆ. ಅದು ಹೋಗಬಾರದು, ಅಷ್ಟೆ. ಉಳಿದಂತೆ ನಾನು ಆ ಮಾಸ್ತರರ ಪದ್ಧತಿಯ ಪರ. ಆದರೆ ಅವರು ಶಹಬ್ಬಾಸ್ ಅಂದದ್ದೂ ತಪ್ಪು, ಸುಳ್ಳ ಅಂದದ್ದೂ ತಪ್ಪು.

ಮೊದಲು ನಿಮ್ಮ ಮಗಳ ಹಾಳೆ ನೋಡೋಣ. ತಲಾ 4 ಅಂಕದ ಐದು ಪ್ರಶ್ನೆ. ಅವಳು ಹಾಕಿಕೊಂಡದ್ದು 4, 2, 3, 3, 4. ಸರ್ ಕೊಟ್ಟದ್ದು 3, 3, 3, 4, 3. ಎರಡರ ಮೊತ್ತವೂ 16. ಆದರೆ ಅವಳ ಅಂಕದಲ್ಲಿ ಸರ್ ಅಂಕ ಕಳೆದು ಸಾಲಾಗಿ ಬರೆಯಿರಿ: +1, −1, 0, −1, +1. ಐದರಲ್ಲಿ ನಾಲ್ಕು ಕಡೆ ಅಂದಾಜು ತಪ್ಪಿದೆ, ಕೂಡಿದಾಗ ಹೆಚ್ಚು ಕಡಿಮೆ ಒಂದನ್ನೊಂದು ನುಂಗಿವೆ. ಹಾಗಾಗಿ ಮೊತ್ತ ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ. ಪ್ರಶ್ನೆವಾರು ವ್ಯತ್ಯಾಸ ತೆಗೆದು, ಚಿಹ್ನೆ ಬಿಟ್ಟು ಕೂಡಬೇಕು. ಇಲ್ಲಿ ಅದು 4. ಮುಂದಿನ ಪರೀಕ್ಷೆಯಲ್ಲಿ 2ಕ್ಕೆ ಇಳಿದರೆ ಅವಳ ಕಣ್ಣು ಪಳಗಿದೆ ಎಂದರ್ಥ, ಅಂಕ 16 ಇದ್ದರೂ 13 ಆದರೂ.

ಚಿಹ್ನೆ ಏನು ಹೇಳುತ್ತದೆ ನೋಡಿ. ಎರಡನೇ ಪ್ರಶ್ನೆ ವರ್ಗ ಸಮೀಕರಣದ್ದು. ಸಮೀಕರಣ ರಚಿಸಿದ್ದು, ಸೂತ್ರ ಬರೆದದ್ದು, ಬೆಲೆ ಆದೇಶಿಸಿದ್ದು ಎಲ್ಲ ಸರಿ. ಕೊನೆಯ ಸಾಲಿನಲ್ಲಿ ಚಿಹ್ನೆ ತಪ್ಪಿದೆ. ಉತ್ತರ ತಪ್ಪಿತೆಂದು ಅವಳು 2 ಹಾಕಿಕೊಂಡಿದ್ದಾಳೆ. ಹಂತಹಂತಕ್ಕೂ ಅಂಕವಿದೆ ಎಂಬುದು ಅವಳಿಗೆ ಗೊತ್ತಿಲ್ಲ. ಇಂಥ ಹುಡುಗಿ ಪರೀಕ್ಷೆಯಲ್ಲಿ ಕೊನೆಯ ಉತ್ತರ ಬರಲಿಲ್ಲವೆಂದು ಇಡೀ ಲೆಕ್ಕಕ್ಕೆ ಕಾಟು ಹೊಡೆದು ಬರುತ್ತಾಳೆ. ಮೈನಸ್ ಬಂತೆಂದರೆ ವಿನಯವಂತೆ ಎಂದು ಮೆಚ್ಚಿ ಸುಮ್ಮನಾಗಬೇಡಿ.

ಇನ್ನು ಮೊದಲನೇ ಪ್ರಶ್ನೆ, ಥೇಲ್ಸ್ ಪ್ರಮೇಯ: ತ್ರಿಭುಜ ABC ಯಲ್ಲಿ BC ಗೆ ಸಮಾಂತರವಾಗಿ ಎಳೆದ DE ರೇಖೆ AB, AC ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಎಂಬುದು. ಇದಕ್ಕೆ ಅಂಕ ಹಂಚುವ ರೂಢಿ ಹತ್ತನೇ ತರಗತಿಯ ಮಾಸ್ತರರಿಗೆಲ್ಲ ಬಾಯಿಪಾಠ: ಚಿತ್ರ ½, ದತ್ತ ½, ಸಾಧನೀಯ ½, ರಚನೆ ½, ಸಾಧನೆ 2. ನಿಮ್ಮ ಮಗಳು ರಚನೆಯಲ್ಲಿ BE, CD ಸೇರಿಸಿದ್ದಾಳೆ, ಲಂಬಗಳನ್ನು ಎಳೆದಿಲ್ಲ, ½ ಹೋಯಿತು. ತ್ರಿಭುಜ BDE ಮತ್ತು DEC ಗಳ ವಿಸ್ತೀರ್ಣ ಸಮ ಎಂದಿದ್ದಾಳೆ. ಎರಡೂ DE ಎಂಬ ಒಂದೇ ಪಾದದ ಮೇಲೆ, ಒಂದೇ ಜೋಡಿ ಸಮಾಂತರ ರೇಖೆಗಳ ನಡುವೆ ಇವೆ ಎಂಬ ಕಾರಣ ಬರೆದಿಲ್ಲ. ಇನ್ನು ½ ಹೋಯಿತು. ಕಾರಣ ಅವಳ ತಲೆಯಲ್ಲಿತ್ತು. ತನ್ನ ಹಾಳೆ ತಾನೇ ಓದುವಾಗ ತಲೆಯಲ್ಲಿದ್ದದ್ದನ್ನೂ ಸೇರಿಸಿಕೊಂಡು ಓದಿ 4 ಹಾಕಿದಳು.

ಈಗ ನೀವು ಸುಳ್ಳ ಎಂಬ ಮಾತನ್ನು ದಾಟಿಸಿದ ಆ ಹುಡುಗ. ಅದೇ ಪ್ರಮೇಯಕ್ಕೆ ಅವನು 4 ಹಾಕಿಕೊಂಡಿದ್ದಾನೆ, ಸಿಕ್ಕದ್ದು 1½. ಚಿತ್ರ, ದತ್ತ, ಸಾಧನೀಯ ಸರಿಯಾಗಿವೆ, ರಚನೆ ಇಲ್ಲ. ಸಾಧನೆಯಲ್ಲಿ ತ್ರಿಭುಜ ADE ಮತ್ತು ABC ಸಮರೂಪ ಎಂದು ಬರೆದು ನೇರ AD/DB = AE/EC ಗೆ ಜಿಗಿದಿದ್ದಾನೆ. ಪಠ್ಯದಲ್ಲಿ ತ್ರಿಭುಜಗಳ ಸಮರೂಪತೆಯ ನಿಯಮ ನಿಂತಿರುವುದೇ ಈ ಪ್ರಮೇಯದ ಮೇಲೆ. ಮಗನನ್ನು ಸಾಕ್ಷಿ ನಿಲ್ಲಿಸಿ ಅಪ್ಪ ಹುಟ್ಟಿದ್ದನ್ನು ಸಾಧಿಸಿದಂತಾಯಿತು. ಆದರೆ ಕೊನೆಯ ಸಾಲು ಪುಸ್ತಕದಲ್ಲಿ ಇದ್ದಂತೆಯೇ ಬಂದಿದೆ. ಅದನ್ನು ನೋಡಿಯೇ ಅವನು ಪೂರ್ತಿ ಅಂಕ ಕೊಟ್ಟುಕೊಂಡ. ದಯವಿಟ್ಟು ಅವನಿಗೆ ಸುಳ್ಳ ಅನ್ನಬೇಡಿ. ತಪ್ಪನ್ನು ಕಾಣಲು ಯಾವ ತಿಳಿವಳಿಕೆ ಬೇಕೋ, ತಪ್ಪದೆ ಬರೆಯಲೂ ಅದೇ ಬೇಕು. ಅದೇ ಅವನಲ್ಲಿ ಇಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಕ್ರೂಗರ್ ಮತ್ತು ಡನ್ನಿಂಗ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಳಗಿನ ಕಾಲುಭಾಗದವರು ನೂರರ ಸಾಲಿನಲ್ಲಿ ಕೆಳಗಿನಿಂದ 12ನೆಯ ಜಾಗದಲ್ಲಿದ್ದರು, ತಾವು 62ನೆಯ ಜಾಗದಲ್ಲಿದ್ದೇವೆ ಎಂದುಕೊಂಡಿದ್ದರು. ಅದೇ ಅಧ್ಯಯನದ ಕೊನೆಯ ಭಾಗದಲ್ಲಿ ಅಂಥವರಿಗೆ ತರ್ಕದ ಸಣ್ಣ ತರಬೇತಿ ಕೊಟ್ಟಾಗ, ಅವರೇ ತಮ್ಮ ಹಳೆಯ ಉತ್ತರಗಳ ಬಗ್ಗೆ ಹೆಚ್ಚು ಸರಿಯಾದ ಅಂದಾಜು ಹೇಳಿದರು. ನಿಂತ ಹುಡುಗನಿಗೆ ಬೇಕಿದ್ದದ್ದು ಆ ತರಬೇತಿ.

ಮಾಸ್ತರರಿಗೆ ಈ ಪುಟ ತೋರಿಸುವಿರಾದರೆ ಒಂದು ಮಾತು. ಮಕ್ಕಳಿಂದ ಎರಡು ಸಲ ಅಂಕ ಹಾಕಿಸಲಿ. ಬರೆದು ಮುಗಿಸಿದ ಕೂಡಲೇ ಒಮ್ಮೆ, ಅಂಕ ಹಂಚಿಕೆಯನ್ನು ಬೋರ್ಡ್ ಮೇಲೆ ಬರೆದ ಮೇಲೆ ಇನ್ನೊಮ್ಮೆ, ಬೇರೆ ಬಣ್ಣದಲ್ಲಿ. ಎರಡನೇ ಸಲ ವ್ಯತ್ಯಾಸ ಇಳಿದರೆ ಮಗುವಿಗೆ ಏನು ಕೇಳುತ್ತಾರೆಂಬುದು ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಹಂಚಿಕೆ ಕಣ್ಣೆದುರು ಇದ್ದೂ ಇಳಿಯದಿದ್ದರೆ ಮಗುವಿಗೆ ಆ ಪಾಠವೇ ಅರ್ಥವಾಗಿಲ್ಲ. ಎರಡಕ್ಕೂ ಮದ್ದು ಬೇರೆ. ಮಕ್ಕಳು ಅಂಕ ಬರೆದ ಅಂಚನ್ನು ಹಿಂದಕ್ಕೆ ಮಡಚಿ ಕೊಡಲಿ, ಮಾಸ್ತರರು ತಿದ್ದಿ ಮುಗಿಸುವವರೆಗೂ ಬಿಚ್ಚಬಾರದು. ಕಣ್ಣಿಗೆ 4 ಬಿದ್ದ ಮೇಲೆ 2 ಕೊಡಲು ಯಾರ ಕೈಯೂ ತಡೆಯುತ್ತದೆ. ½ ಅಂಕದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಇಬ್ಬರು ಮಾಸ್ತರರ ನಡುವೆಯೂ ಅಷ್ಟು ಬರುತ್ತದೆ. ಕನ್ನಡ ಪ್ರಬಂಧಕ್ಕೆ ಇದನ್ನು ಈಗಲೇ ಹಚ್ಚಬೇಡಿ, ಅಲ್ಲಿ ತಿದ್ದುವವರ ಅಂಕವೇ ಅಲುಗಾಡುತ್ತದೆ.

ಸರಿಯಾಗಿ ಊಹಿಸಿದವರಿಗೆ ಬಹುಮಾನ, ಶಹಬ್ಬಾಸ್ ಇದ್ಯಾವುದೂ ಬೇಡ. ಅದು ಶುರುವಾದರೆ ಮಕ್ಕಳು ಹಾಳೆ ಓದುವುದು ಬಿಟ್ಟು, ಹೋದ ಸಲ ಬಂದ ಅಂಕವನ್ನೇ ಈ ಸಲವೂ ಬರೆಯುತ್ತಾರೆ. ಎಲ್ಲ ಪ್ರಶ್ನೆಗೂ 3, 3, 3 ಎಂದು ಸಾಲಾಗಿ ಕಂಡರೆ ಅದೇ ನಡೆದಿದೆ ಎಂದು ತಿಳಿಯಿರಿ. ಕಳೆದುಕೊಂಡ ಪ್ರತಿ ½ ಅಂಕದ ಎದುರು, ಯಾವ ಸಾಲಿನಲ್ಲಿ ಹೋಯಿತು ಎಂದು ನಾಲ್ಕು ಶಬ್ದ ಬರೆಸಿದರೆ ಆ ಚಾಳಿ ನಿಲ್ಲುತ್ತದೆ.

ನನ್ನ ನಿಜವಾದ ಸಂಕಟ ಬೇರೆ ಇದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಆಗೆಲ್ಲ ನಮ್ಮ ಭಾಗಕ್ಕೆ ಬರುವ ಔಷಧ ಒಂದೇ: ಪಾಸಿಂಗ್ ಪ್ಯಾಕೇಜ್, ಮತ್ತೊಂದು ಸರಣಿ ಪರೀಕ್ಷೆ. ಪರೀಕ್ಷೆಯ ಮೇಲೆ ಪರೀಕ್ಷೆ ಬರೆಯುವ ಮಗು ಒಂದನ್ನಾದರೂ ಕೂತು ತಿದ್ದುವುದಿಲ್ಲ. ಪರೀಕ್ಷಾ ಮಂಡಳಿ ಅಂಕ ಹಂಚಿಕೆ ಸಮೇತ ಮಾದರಿ ಉತ್ತರಗಳನ್ನು ಪ್ರಕಟಿಸುತ್ತದೆ; ಅವುಗಳನ್ನು ಮಕ್ಕಳ ಕೈಗೆ ಕೊಡುವ ಶಾಲೆ ಎಷ್ಟಿವೆ? ಮುಖ್ಯ ಪರೀಕ್ಷೆಯಲ್ಲಿ ತಿದ್ದಿದ ತನ್ನದೇ ಉತ್ತರ ಪತ್ರಿಕೆಯನ್ನು ಕಾಣಬೇಕೆಂದರೆ ಮಗು ಶುಲ್ಕ ಕಟ್ಟಿ ಪ್ರತಿ ತರಿಸಬೇಕು. ತೊಗರಿ ಮಾರಲು ಅಡತಿಗೆ ಹೋದ ರೈತ ತೂಕದ ಮುಳ್ಳು ನೋಡದೆ ಚೀಟಿ ಒಪ್ಪುವುದಿಲ್ಲ. ನಮ್ಮ ಮಕ್ಕಳಿಗೆ ಹತ್ತು ವರ್ಷವೂ ಬರೀ ಚೀಟಿ ಕೊಟ್ಟಿದ್ದೇವೆ.

ಪಕ್ಕದ ಮನೆಯ ಹುಡುಗನನ್ನು ಈ ಭಾನುವಾರ ಕರೆಯಿರಿ. ಐದೂ ಪ್ರಶ್ನೆ ಬೇಡ, ಆ ಪ್ರಮೇಯ ಒಂದೇ ಸಾಕು. ನಿಮ್ಮ ಮಗಳ ಉತ್ತರ ಅವನ ಕೈಗೆ, ಅವನದು ಅವಳ ಕೈಗೆ, ನಡುವೆ ½, ½, ½, ½, 2 ಎಂದು ಬರೆದ ಚೀಟಿ. ಕಾರಣ ಬಿಟ್ಟುಹೋದ ಸಾಲು ಅವಳ ಹಾಳೆಯಲ್ಲಿ ಎಲ್ಲಿದೆ ಎಂದು ಅವನೇ ಬೆರಳಿಟ್ಟು ತೋರಿಸಲಿ. ಆಮೇಲೆ ಅವನದೇ ಹಾಳೆ ಅವನಿಗೆ ಕೊಟ್ಟು, ಮೊದಲಿನ 4ರ ಪಕ್ಕ ಈಗ ಎಷ್ಟು ಬರೆಯುತ್ತಾನೆ ನೋಡಿ ನನಗೆ ತಿಳಿಸಿ.