ಲಸಿಕೆಯ ಸ್ಲೈಡಿನಲ್ಲಿ ಎಷ್ಟು ಧೈರ್ಯ ಕೊಡಬಹುದು?

*ಸಂಪಾದಕರಿಗೆ ನಮಸ್ಕಾರ. ನಮ್ಮ ಕ್ಲಿನಿಕ್ಕಿನ ಇನ್‌ಸ್ಟಾಗ್ರಾಂ ಪುಟಕ್ಕಾಗಿ ಫ್ಲೂ ಬಗ್ಗೆ ಏಳು ಸ್ಲೈಡ್‌ಗಳ ಕ್ಯಾರೊಸೆಲ್ ಮಾಡುತ್ತಿದ್ದೇನೆ. ಮೊದಲ ಸ್ಲೈಡಿನಲ್ಲಿ ‘ಲಸಿಕೆ ಹಾಕಿಸಿಕೊಳ್ಳಿ, ಈ ಸಲ ಫ್ಲೂ ಚಿಂತೆ ಬಿಡಿ’ ಎಂದು ಬರೆದಿದ್ದೆ. ಡಾಕ್ಟರು ಅದನ್ನು ಹೊಡೆದುಹಾಕಿ ‘60% ರಕ್ಷಣೆ’ ಎಂದು ಬರೆಸಿದರು. ಆಧಾರಗಳನ್ನೆಲ್ಲ ಕೊನೆಯ ಸ್ಲೈಡಿಗೆ ಹಾಕಿದ್ದೇವೆ. ಈಗ ಓದಿದರೆ ಒಣಒಣ ಎನಿಸುತ್ತದೆ. ಕಾಯಿಲೆಯ ಕಾಲದಲ್ಲಿ ಜನರಿಗೆ ಸ್ವಲ್ಪ ಧೈರ್ಯ ಹೇಳುವುದು ತಪ್ಪೇ?*
*—ಓದುಗರೊಬ್ಬರು*

ತಪ್ಪಲ್ಲ. ಆದರೆ ಆ ಧೈರ್ಯವನ್ನು ನಂಬಿದವರು ಕಾಯಿಲೆ ಬಿದ್ದ ದಿನ ಏನು ಮಾಡುತ್ತಾರೆ ಎಂದು ಯೋಚಿಸಿ ಸಾಲು ಬರೆಯಬೇಕು. ನಿಮ್ಮ ಡಾಕ್ಟರು ಮೊದಲ ಸಾಲನ್ನು ಹೊಡೆದುಹಾಕಿದ್ದು ಸರಿ. ಅದರ ಜಾಗಕ್ಕೆ ಬಂದ ಸಾಲನ್ನು ಮಾತ್ರ ನಾನು ಒಪ್ಪಲಾರೆ. ‘60% ರಕ್ಷಣೆ’ ಎಂದು ಓದಿದ ಹತ್ತು ಜನರನ್ನು ಅದರ ಅರ್ಥ ಕೇಳಿ ನೋಡಿ. ಲಸಿಕೆ ಹಾಕಿಸಿಕೊಂಡ ನೂರು ಜನರಲ್ಲಿ ಅರವತ್ತು ಮಂದಿಗೆ ಫ್ಲೂ ಬರುವುದಿಲ್ಲ, ಉಳಿದ ನಲವತ್ತು ಮಂದಿಗೆ ಬರುತ್ತದೆ ಎಂದೇ ಹೆಚ್ಚಿನವರು ಹೇಳಿಯಾರು. ಆ ಸಂಖ್ಯೆಯ ಅರ್ಥ ಅದಲ್ಲ.

ಆ ಅರವತ್ತು ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಇಡೀ ಕ್ಯಾರೊಸೆಲ್ ನಿಂತಿರುವುದು ಇದರ ಮೇಲೆ. ಆರೋಗ್ಯವಂತ ವಯಸ್ಕರಲ್ಲಿ ಫ್ಲೂ ಲಸಿಕೆ ಎಷ್ಟು ಕೆಲಸ ಮಾಡುತ್ತದೆ ಎಂದು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಒಂದು ಪರಿಶೀಲನೆ ಪ್ರಕಟಿಸಿತು. 52 ಪ್ರಯೋಗಗಳು, 80,000ಕ್ಕೂ ಹೆಚ್ಚು ಜನ. ನಿಷ್ಕ್ರಿಯ ವೈರಸ್ಸಿನ ಲಸಿಕೆಯ ವಿಷಯದಲ್ಲಿ ಅದರ ಲೆಕ್ಕ ಹೀಗಿದೆ: ಲಸಿಕೆ ಹಾಕಿಸಿಕೊಳ್ಳದ ಸಾವಿರ ಜನರಲ್ಲಿ 23 ಮಂದಿಗೆ ಒಂದು ಸೀಸನ್ನಿನಲ್ಲಿ ಪರೀಕ್ಷೆಯಿಂದ ಖಚಿತವಾದ ಫ್ಲೂ ಬಂತು, ಹಾಕಿಸಿಕೊಂಡ ಸಾವಿರ ಜನರಲ್ಲಿ 9 ಮಂದಿಗೆ ಬಂತು. 23ರಿಂದ 9ಕ್ಕೆ ಇಳಿಯಿತು ಅಂದರೆ ಸುಮಾರು 60% ಕಡಿಮೆ. ಸಾವಿರಕ್ಕೆ 14 ಮಂದಿ ಕಡಿಮೆ ಎಂದರೂ ಅದೇ ಸತ್ಯ. ಶೇಕಡಾವಾರು ಒಂದನ್ನೇ ಬರೆದರೆ ಲಾಭ ದೊಡ್ಡದಾಗಿ ಕಾಣುತ್ತದೆ, 14 ಒಂದನ್ನೇ ಬರೆದರೆ ಕ್ಷುಲ್ಲಕವೆನಿಸುತ್ತದೆ. ಓದುಗರಿಗೆ 23 ಮತ್ತು 9 ಎರಡೂ ಅಕ್ಕಪಕ್ಕ ಕಾಣಿಸಬೇಕು. ಆಗ ತೀರ್ಮಾನ ಅವರದೇ ಆಗುತ್ತದೆ.

ಅದೇ ಪರಿಶೀಲನೆಯಲ್ಲಿ ಇನ್ನೊಂದು ಸಂಖ್ಯೆ ಇದೆ. ಕ್ಲಿನಿಕ್ಕುಗಳ ಪೋಸ್ಟುಗಳಲ್ಲಿ ಅದು ಕಾಣಿಸುವುದು ಬಹಳ ಅಪರೂಪ. ನನ್ನ ಮಟ್ಟಿಗೆ ಮೊದಲ ಸಂಖ್ಯೆಗಿಂತ ಅದು ಹೆಚ್ಚು ಮುಖ್ಯ. ಪರೀಕ್ಷೆ ಮಾಡದೆ, ಜ್ವರ, ಕೆಮ್ಮು, ಮೈಕೈ ನೋವು ಎಂದು ಮಲಗಿದವರನ್ನೆಲ್ಲ ಎಣಿಸಿದರೆ, ಲಸಿಕೆ ಇಲ್ಲದವರಲ್ಲಿ ಸಾವಿರಕ್ಕೆ 215 ಮಂದಿ, ಹಾಕಿಸಿಕೊಂಡವರಲ್ಲಿ 181 ಮಂದಿ. ಶೇಕಡಾ ಲೆಕ್ಕದಲ್ಲಿ ಇಲ್ಲಿ ಇಳಿಕೆ ಅಷ್ಟೇನೂ ಇಲ್ಲ, ಸುಮಾರು 16% ಮಾತ್ರ. ಕಾರಣ ಸರಳ: ಫ್ಲೂ ಹಾಗೆ ಕಾಣುವ ಕಾಯಿಲೆಯನ್ನು ರೈನೋವೈರಸ್, ಅಡೆನೋವೈರಸ್, ಆರ್‌ಎಸ್‌ವಿ ಮುಂತಾದವು ಕೂಡ ತರುತ್ತವೆ, ಫ್ಲೂ ಲಸಿಕೆ ಅವುಗಳ ತಂಟೆಗೆ ಹೋಗುವುದೇ ಇಲ್ಲ. (ಈ ಎರಡು ಲೆಕ್ಕಗಳು ಒಂದೇ ಪ್ರಯೋಗಗಳ ಗುಂಪಿನಿಂದ ಬಂದವಲ್ಲ. ಹಾಗಾಗಿ 181ರಿಂದ 9 ಕಳೆದು ಹೊಸ ಸಂಖ್ಯೆ ಹುಟ್ಟಿಸಬೇಡಿ.)

ಈಗ ನಿಮ್ಮ ಕ್ಲಿನಿಕ್ಕಿನಲ್ಲಿ ಲಸಿಕೆ ಹಾಕಿಸಿಕೊಂಡ ಒಬ್ಬರನ್ನು ನೆನೆಯಿರಿ. ಚಿಂತೆ ಬಿಡಿ ಎಂದು ನೀವು ಹೇಳಿದ್ದಿರಿ. ಎರಡು ತಿಂಗಳ ನಂತರ ಅವರಿಗೆ ಜ್ವರ ಬಂತು, ನಾಲ್ಕು ದಿನ ಮಲಗಿದರು. ಅದು ಫ್ಲೂ ಆಗಿರಲಿ, ಬೇರೇನೋ ಆಗಿರಲಿ, ಅವರ ಪಾಲಿಗೆ ಲಸಿಕೆ ಸುಳ್ಳಾಯಿತು. ಮುಂದಿನ ವರ್ಷ ಅವರು ಬರುವುದಿಲ್ಲ, ಮನೆಯಲ್ಲಿರುವ ಎಪ್ಪತ್ತು ದಾಟಿದ ತಾಯಿಯನ್ನೂ ಕರೆತರುವುದಿಲ್ಲ. ಲಸಿಕೆ ಹಾಕಿಸಿಕೊಂಡ ಮೇಲೂ ಜ್ವರ ಬರಬಹುದು ಎಂದು ಮೊದಲೇ ಹೇಳಿದ್ದರೆ ಅವರಿಗೆ ಮೋಸ ಹೋದೆ ಅನ್ನಿಸುತ್ತಿರಲಿಲ್ಲ.

ಇನ್ನು ಆ ಸಂಖ್ಯೆಗಳಿಗೂ ಗಡಿ ಇದೆ. ಅವು ಆರೋಗ್ಯವಂತ ವಯಸ್ಕರವು. ವಯಸ್ಸಾದವರ ಬಗ್ಗೆ ಕಾಕ್ರೇನ್ ಅದೇ ವರ್ಷ ಪ್ರತ್ಯೇಕವಾಗಿ ನೋಡಿದೆ: ಸಾವಿರಕ್ಕೆ ಸುಮಾರು 60 ಇದ್ದದ್ದು 24ಕ್ಕೆ ಇಳಿಯಿತು, ಆದರೆ ಆ ಪುರಾವೆ ಅಷ್ಟು ಗಟ್ಟಿಯಲ್ಲ ಎಂದು ಅವರೇ ಬರೆದಿದ್ದಾರೆ. ಎಲ್ಲ ವರ್ಷವೂ ಲಸಿಕೆ ಒಂದೇ ಸಮ ಕೆಲಸ ಮಾಡುವುದಿಲ್ಲ ಎಂಬುದೂ ಗೊತ್ತಿರಲಿ. ಯಾವ ತಳಿಗಳನ್ನು ಲಸಿಕೆಗೆ ಸೇರಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಶಿಫಾರಸು ಮಾಡುತ್ತದೆ, ಉತ್ತರಾರ್ಧ ಗೋಳಕ್ಕೆ ಫೆಬ್ರುವರಿಯಲ್ಲಿ, ದಕ್ಷಿಣಾರ್ಧಕ್ಕೆ ಸೆಪ್ಟೆಂಬರಿನಲ್ಲಿ. ಲಸಿಕೆ ತಯಾರಾಗಿ ಬರುವ ತಿಂಗಳುಗಳಲ್ಲಿ ವೈರಸ್ ಸುಮ್ಮನೆ ಕೂತಿರುವುದಿಲ್ಲ. 2014–15ರ ಸೀಸನ್ನಿನಲ್ಲಿ ಎಚ್3ಎನ್2 ತಳಿ ಹೀಗೆ ಬದಲಾಗಿ ಹರಡಿತು. ಆ ವರ್ಷ ಅಮೆರಿಕದಲ್ಲಿ ಲಸಿಕೆಯ ಪರಿಣಾಮ ಸುಮಾರು 19%ಕ್ಕೆ ಕುಸಿಯಿತು ಎಂದು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಲೆಕ್ಕ ಕೊಟ್ಟಿದೆ. ತಳಿ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ಅದು 40ರಿಂದ 60% ಎನ್ನುತ್ತದೆ ಅದೇ ಸಂಸ್ಥೆ.

ಇಷ್ಟನ್ನೂ ಸ್ಲೈಡಿಗೆ ತುಂಬಿ ಎಂದು ಹೇಳುತ್ತಿಲ್ಲ. ನಾನು ಬರೆದಿದ್ದರೆ ಹೀಗೆ ಬರೆಯುತ್ತಿದ್ದೆ:

“ಲಸಿಕೆ ಹಾಕಿಸಿಕೊಳ್ಳದ 1000 ವಯಸ್ಕರಲ್ಲಿ 23 ಮಂದಿಗೆ ಫ್ಲೂ. ಹಾಕಿಸಿಕೊಂಡ 1000 ಮಂದಿಯಲ್ಲಿ 9 ಮಂದಿಗೆ. ಕೆಲವು ವರ್ಷ ಲಾಭ ಇದಕ್ಕಿಂತ ಕಡಿಮೆ ಇರುತ್ತದೆ. ರಕ್ಷಣೆ ಬರಲು ಎರಡು ವಾರ ಬೇಕು. ಬೇರೆ ವೈರಸ್‌ಗಳ ಜ್ವರವನ್ನು ಈ ಲಸಿಕೆ ತಡೆಯುವುದಿಲ್ಲ. ಆಧಾರ: ಕಾಕ್ರೇನ್ ಪರಿಶೀಲನೆ, 2018, ಆರೋಗ್ಯವಂತ ವಯಸ್ಕರು.”

ಇದು ಒಣ ಎನಿಸುತ್ತದೆಯೇ? ನನಗಂತೂ ಇಲ್ಲ. ಎರಡು ಸಾಲು ಚುಕ್ಕಿಗಳನ್ನು ಬಿಡಿಸಿ, ಮೇಲೆ 23, ಕೆಳಗೆ 9 ಚುಕ್ಕಿಗೆ ಬಣ್ಣ ಹಾಕಿ. ನೋಡಿದವರು ಕಣ್ಣಲ್ಲೇ ಎಣಿಸುತ್ತಾರೆ.

ಆಧಾರದ ಸಾಲು ಅದೇ ಸ್ಲೈಡಿನಲ್ಲಿದೆ, ಗಮನಿಸಿ. ಕೊನೆಯ ಸ್ಲೈಡಿಗೆ ಆಧಾರಗಳನ್ನು ಗುಡ್ಡೆ ಹಾಕುವ ಪದ್ಧತಿಯನ್ನು ದಯವಿಟ್ಟು ಬಿಡಿ. ಏಳನೆಯ ಸ್ಲೈಡಿನ ತನಕ ಸರಿಸಿಕೊಂಡು ಹೋಗುವವರು ಕಡಿಮೆ. ಅದಕ್ಕಿಂತ ದೊಡ್ಡ ತೊಂದರೆ, ಜನ ಒಂದು ಸ್ಲೈಡಿನ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುತ್ತಾರೆ. ಅಲ್ಲಿ ಮುಂದಿನ ಸ್ಲೈಡೂ ಇರುವುದಿಲ್ಲ, ಕೆಳಗಿನ ವಿವರಣೆಯೂ ಇರುವುದಿಲ್ಲ. ಹಾಗಾಗಿ ಪ್ರತಿಯೊಂದು ಸ್ಲೈಡೂ ಒಂಟಿಯಾಗಿ ಹೋದರೂ ತಪ್ಪು ತಿಳಿವಳಿಕೆ ಕೊಡಬಾರದು. ಯಾರು ಹೇಳಿದ್ದು, ಯಾವ ವರ್ಷ, ಯಾರ ಮೇಲೆ ನೋಡಿ ಹೇಳಿದ್ದು, ಈ ಮೂರು ಇದ್ದರೆ ಸಾಕು. ಜೊತೆಗೆ ನೀವು ಸ್ಲೈಡ್ ಮಾಡಿದ ತಿಂಗಳು, ವರ್ಷ. ‘ಅಧ್ಯಯನಗಳ ಪ್ರಕಾರ’ ಎಂದಷ್ಟೇ ಬರೆದರೆ ಅದನ್ನು ಯಾರೂ ತೆರೆದು ನೋಡಲು ಆಗುವುದಿಲ್ಲ. ಬರೆದ ಮೇಲೆ ಒಂದು ಕೆಲಸ: ಸ್ಲೈಡ್ ಮಾಡದ ಇನ್ನೊಬ್ಬರ ಕೈಗೆ ಮೂಲ ಪುಟ ಕೊಟ್ಟು, ಆ ಸಂಖ್ಯೆ ಇರುವ ವಾಕ್ಯವನ್ನು ಬೆರಳಿಟ್ಟು ತೋರಿಸಿ ಎನ್ನಿ. ತೋರಿಸಲು ಆಗದಿದ್ದರೆ ಆ ಸಾಲು ಹೋಗಬೇಕು.

ಕೈತೊಳೆಯುವ ಸ್ಲೈಡಿಗೂ ಇದೇ ಅಳತೆ. ಕಾಕ್ರೇನ್ 2023ರ ಪರಿಶೀಲನೆಯಲ್ಲಿ ಕೈ ಸ್ವಚ್ಛತೆಯಿಂದ ಉಸಿರಾಟದ ಸೋಂಕು ಸುಮಾರು 14% ಇಳಿದಿದೆ, ಸಾವಿರಕ್ಕೆ 380ರಿಂದ 327ಕ್ಕೆ. ‘ಕೈ ತೊಳೆದರೆ ಸೋಂಕು ದೂರ’ ಎಂದು ಬರೆಯಲು ಇದು ಸಾಲದು, ‘ಕಡಿಮೆ ಮಾಡುತ್ತದೆ’ ಎನ್ನಲು ಧಾರಾಳ ಸಾಕು. ಮಾಸ್ಕಿನ ವಿಷಯದಲ್ಲಿ ಅದೇ ಪರಿಶೀಲನೆಯನ್ನು ಹಲವರು ‘ಮಾಸ್ಕ್ ಕೆಲಸ ಮಾಡುವುದಿಲ್ಲ’ ಎಂದು ಓದಿಕೊಂಡರು. ಪ್ರಯೋಗಗಳು ನೋಡಿದ್ದು ಮಾಸ್ಕ್ ಹಾಕಲು ಉತ್ತೇಜಿಸಿದರೆ ಸೋಂಕು ಇಳಿಯುತ್ತದೆಯೇ ಎಂಬುದನ್ನು, ಫಲಿತಾಂಶ ಯಾವ ಕಡೆಗೂ ಖಚಿತವಾಗಲಿಲ್ಲ ಎಂದು ಕಾಕ್ರೇನ್‌ನ ಪ್ರಧಾನ ಸಂಪಾದಕರೇ ಆಮೇಲೆ ಸ್ಪಷ್ಟನೆ ಕೊಡಬೇಕಾಯಿತು. ಲಾಭ ಸಾಬೀತಾಗಿಲ್ಲ ಎನ್ನುವುದನ್ನು ಲಾಭವಿಲ್ಲ ಎಂದು ಬರೆಯುವುದೂ ಅತಿಶಯೋಕ್ತಿಯೇ.

ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಕಾದ ಸ್ಲೈಡ್ ನಿಮ್ಮ ಏಳರಲ್ಲಿ ಇದೆಯೋ ಇಲ್ಲವೋ ಪತ್ರದಿಂದ ತಿಳಿಯಲಿಲ್ಲ: ಯಾವಾಗ ಕಾಯದೆ ಬರಬೇಕು ಎಂಬುದು. ‘ಹೆಚ್ಚಿನವರಿಗೆ ಒಂದು ವಾರದಲ್ಲಿ ತಾನಾಗಿ ವಾಸಿಯಾಗುತ್ತದೆ’ ಎಂಬ ಮಾತು ನಿಜ. ಆದರೆ ಅದು ಒಂಟಿಯಾಗಿ ಹೋದರೆ, ಉಸಿರು ಎಳೆದುಕೊಳ್ಳಲು ಕಷ್ಟಪಡುತ್ತಿರುವವರು ಕೂಡ ಇನ್ನೆರಡು ದಿನ ನೋಡೋಣ ಎಂದು ಮನೆಯಲ್ಲೇ ಉಳಿಯುತ್ತಾರೆ. ಲಸಿಕೆ ಹಾಕಿಸಿಕೊಂಡಿದ್ದರಂತೂ ನನಗೇನೂ ಆಗದು ಎಂಬ ನಂಬಿಕೆ ಇನ್ನೂ ಗಟ್ಟಿ. ಫ್ಲೂಗೆ ಕೊಡುವ ಒಸೆಲ್ಟಮಿವಿರ್‌ನಂಥ ಔಷಧಿಯನ್ನು ಲಕ್ಷಣ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ ಲಾಭ ಹೆಚ್ಚು. ಅಪಾಯ ಹೆಚ್ಚಿರುವವರು ನೋಡೋಣ ಎಂದು ಕಳೆಯುವ ಎರಡು ದಿನ ಅದೇ 48 ಗಂಟೆ. ಆ ಸ್ಲೈಡ್ ಹೀಗಿರಲಿ:

“ಲಸಿಕೆ ಹಾಕಿಸಿಕೊಂಡಿದ್ದರೂ ಕೂಡಲೇ ಬನ್ನಿ: ಉಸಿರಾಟಕ್ಕೆ ಕಷ್ಟ, ಎದೆನೋವು, ಗೊಂದಲ ಅಥವಾ ಎಚ್ಚರ ತಪ್ಪಿದಂತಾಗುವುದು, ತುಟಿ ನೀಲಿಯಾಗುವುದು, ಮೂತ್ರ ಬಾರದಿರುವುದು, ಇಳಿದ ಜ್ವರ ಮತ್ತೆ ಏರುವುದು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಬೇರೆ ಲಕ್ಷಣಕ್ಕೆ ಕಾಯಬೇಡಿ. ಗರ್ಭಿಣಿಯರು, 65 ದಾಟಿದವರು, ಐದು ವರ್ಷದೊಳಗಿನ ಮಕ್ಕಳು, ಆಸ್ತಮಾ, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇರುವವರು ಜ್ವರದ ಮೊದಲ ದಿನವೇ ಡಾಕ್ಟರಿಗೆ ತಿಳಿಸಿ. ಈ ಪಟ್ಟಿಯಲ್ಲಿ ಇಲ್ಲದ್ದೇನಾದರೂ ಭಯ ಹುಟ್ಟಿಸಿದರೂ ತೋರಿಸಿ.”

ಕೊನೆಯ ವಾಕ್ಯವನ್ನು ಬಿಡಬೇಡಿ. ಪಟ್ಟಿ ಕೊಟ್ಟ ಕೂಡಲೇ, ಅದರಲ್ಲಿ ತನ್ನ ಲಕ್ಷಣ ಕಾಣದವರು ತನಗೆ ಅಪಾಯವಿಲ್ಲ ಎಂದುಕೊಳ್ಳುತ್ತಾರೆ. ಮೇಲಿನ ಲಕ್ಷಣಗಳನ್ನೂ ನಿಮ್ಮ ಡಾಕ್ಟರು ಒಮ್ಮೆ ಓದಿ ಒಪ್ಪಲಿ, ತುರ್ತಿಗೆ ನಿಮ್ಮ ಕ್ಲಿನಿಕ್ಕಿಗೆ ಬರಬೇಕೋ ದೊಡ್ಡ ಆಸ್ಪತ್ರೆಗೆ ಹೋಗಬೇಕೋ ಎಂಬುದನ್ನೂ ಅವರೇ ಸೇರಿಸಲಿ. ಪೋಸ್ಟಿನ ಕೆಳಗೆ ಯಾರಾದರೂ “ಮೂರು ದಿನದಿಂದ ಜ್ವರ, ಮನೆಯಲ್ಲೇ ಇರಬಹುದಾ?” ಎಂದು ಕೇಳಿದರೆ ಅಲ್ಲೇ ‘ಇರಬಹುದು’ ಎಂದು ಬರೆಯಬೇಡಿ, ಫೋನ್ ನಂಬರು ಕೊಟ್ಟು ಮಾತಾಡಿಸಿ. ಈ ಸ್ಲೈಡನ್ನು ಲಸಿಕೆಯ ಸ್ಲೈಡಿನ ಬೆನ್ನಿಗೇ, ಎರಡನೆಯದಾಗಿ ಹಾಕಿ. ಪುಟಕ್ಕೆ ಹಾಕುವ ಮೊದಲು ಏಳನ್ನೂ ನನಗೆ ಕಳಿಸಿದರೆ ಸಂತೋಷದಿಂದ ಓದುತ್ತೇನೆ.

—ಸಂ.